ಐದು ಟೀಚರ್, ಇಪ್ಪತ್ತು ನಿಮಿಷ, ಒಂದು ಮಗು



ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನಂದ್ರು ಅನ್ನೋದನ್ನ ನಾಳೆ ನೋಡೋಣ. ಇವತ್ತು ನಮ್ಮ ಮನೆಯೊಳಗೆ ದಿನಾ ಸಂಜೆ ನಡೆಯೋ ಒಂದು ಜಗಳದ ಬಗ್ಗೆ ಮಾತಾಡೋಣ. ಒಂದನೇ ಕ್ಲಾಸಿಂದ ಐದನೇ ಕ್ಲಾಸಿನವರೆಗಿನ ಮಕ್ಕಳ ಹೋಮ್‌ವರ್ಕ್ ಜಗಳ.

ಗಿರಿನಗರವನ್ನೇ ತಗೊಳ್ಳಿ. ಸೀತಾ ಸರ್ಕಲ್ ಸುತ್ತಮುತ್ತ, ಆವಲಹಳ್ಳಿ, ಹೊಸಕೆರೆಹಳ್ಳಿ ಕಡೆ ಸಂಜೆ ಆರೂವರೆಗೆ ಒಂದು ಸುತ್ತು ನಡೆದು ಬನ್ನಿ. ಕಿಟಕಿಯಿಂದ ಕೇಳಿಸೋದು ಒಂದೇ ಮಾತು. "ಬರಿಯೋ, ಬೇಗ ಬರಿ. ಇನ್ನೂ ಇಂಗ್ಲಿಷ್ ಇದೆ." ಎರಡು ಬೀದಿಗೊಂದು ಮನೆ ಮುಂದೆ ಪುಟ್ಟ ಪುಟ್ಟ ಚಪ್ಪಲಿ ಸಾಲಾಗಿರುತ್ತೆ. ಅದು ಹೋಮ್‌ವರ್ಕ್ ಮಾಡಿಸೋ ಟ್ಯೂಷನ್. ಪಾಠ ಹೇಳಿಕೊಡೋ ಟ್ಯೂಷನ್ ಅಲ್ಲ ಸ್ವಾಮಿ, ಬರೆಸಿ ಕಳಿಸೋ ಟ್ಯೂಷನ್! ಏಳು ವರ್ಷದ ಮಗುವಿಗೆ!

ಹಾಗಾದ್ರೆ ಸರ್ಕಾರ ಏನೂ ಹೇಳಿಲ್ವಾ? ಹೇಳಿದೆ. ಒಂದು ಸಲ ಅಲ್ಲ, ಹಲವು ಸಲ ಹೇಳಿದೆ.

ಇದು ಶುರುವಾದದ್ದು ನಮ್ಮವರಿಂದಲೇ. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣದ ವಿಷಯ ಏನು ಗೊತ್ತಾ? ಸ್ಕೂಲ್ ಬ್ಯಾಗಿನ ಭಾರ. ಮಾಲ್ಗುಡಿಯ ಸ್ವಾಮಿಯನ್ನ ಸೃಷ್ಟಿ ಮಾಡಿದ ಮನುಷ್ಯ, ಮಕ್ಕಳ ಬೆನ್ನು ಬಾಗಿ ಹೋಗ್ತಿದೆ ಅಂತ ಸಂಸತ್ತಿನಲ್ಲಿ ನಿಂತು ಹೇಳಿದರು. ಅದಾದ ಮೇಲೆ ವಿಜ್ಞಾನಿ ಯಶಪಾಲ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಬಂತು. 1993ರಲ್ಲಿ ವರದಿ ಕೊಡ್ತು. ಪ್ರಾಥಮಿಕ ತರಗತಿಗಳಲ್ಲಿ ಹೋಮ್‌ವರ್ಕೇ ಬೇಡ, ಮನೆಯ ಸುತ್ತಮುತ್ತ ನೋಡಿ ತಿಳಿಯುವಂಥದ್ದೇನಾದರೂ ಇದ್ದರೆ ಅಷ್ಟು ಸಾಕು ಅಂತ ಆ ಸಮಿತಿ ಹೇಳಿತ್ತು.

ಆಮೇಲೆ ಇಪ್ಪತ್ತೈದು ವರ್ಷ ಕಳೀತು. 2018ರ ಮೇ 29ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಕಿರುಬಾಕರನ್ ಅವರು, ಒಂದು ಮತ್ತು ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡಬಾರದು ಅಂತ ಆದೇಶ ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಇದೇ ಮಾತನ್ನ ಬರೀತು. 2019ರ ಮೇ ತಿಂಗಳಲ್ಲಿ ನಮ್ಮ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು. ಬ್ಯಾಗಿನ ತೂಕ ಇಷ್ಟೇ ಇರಬೇಕು, ಒಂದು ಎರಡನೇ ತರಗತಿಗೆ ಹೋಮ್‌ವರ್ಕ್ ಇಲ್ಲ ಅಂತ. 2020ರಲ್ಲಿ ಕೇಂದ್ರದ ಸ್ಕೂಲ್ ಬ್ಯಾಗ್ ನೀತಿ ಬಂತು. ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲೆಕ್ಕ ಕೊಡ್ತು. ಎರಡನೇ ಕ್ಲಾಸಿನವರೆಗೆ ಹೋಮ್‌ವರ್ಕ್ ಬೇಡ. ಮೂರರಿಂದ ಐದನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಗಮನಿಸಿ, ದಿನಕ್ಕಲ್ಲ, ವಾರಕ್ಕೆ. ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದಾರು ಗಂಟೆ.

ಇಷ್ಟೆಲ್ಲ ಇದ್ದೂ ಗಿರಿನಗರದ ಕಿಟಕಿಯಲ್ಲಿ ಆ ಮಾತು ಯಾಕೆ ನಿಂತಿಲ್ಲ?

ಬ್ಯಾಗಿಗಾದ್ರೆ ತಕ್ಕಡಿ ಇದೆ. ಅಧಿಕಾರಿಯೊಬ್ಬರು ಶಾಲೆಗೆ ಬಂದು ಬ್ಯಾಗ್ ತೂಗಿ, ಮೂರು ಕೆ.ಜಿ. ದಾಟಿದೆ ನೋಡಿ ಅಂತ ಹೇಳಬಹುದು. ಹೋಮ್‌ವರ್ಕನ್ನ ತೂಗೋದು ಹೇಗೆ? ಅದು ನಡೆಯೋದು ಮನೆಯಲ್ಲಿ. ಅದರ ಅಳತೆ ಗಂಟೆಯಲ್ಲಿ. ಆ ಗಂಟೆಯನ್ನ ಶಾಲೆಯಲ್ಲಿ ಯಾರೂ ಎಣಿಸ್ತಾ ಇಲ್ಲ. ಇದೇ ಮೂಲ ಸಮಸ್ಯೆ. ಟೀಚರ್‌ಗಳು ಕೆಟ್ಟವರು ಅಂತಲ್ಲ. ಶಾಲೆಗಳೆಲ್ಲ ಬೇಕಂತಲೇ ಆದೇಶ ಮುರೀತಾವೆ ಅಂತಲೂ ಅಲ್ಲ.

ಹೇಗೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕನೇ ಕ್ಲಾಸು. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ. ಖಾಸಗಿ ಶಾಲೆಯಾದ್ರೆ ಎಷ್ಟೋ ಕಡೆ ಹಿಂದಿಯೂ ಸೇರಿ ಐದು ವಿಷಯ. ಐದು ಜನ ಟೀಚರ್. ಪ್ರತಿಯೊಬ್ಬರೂ ಪಾಪ, "ನಾನು ಕೊಟ್ಟಿರೋದು ಬರೀ ಇಪ್ಪತ್ತು ನಿಮಿಷದ ಕೆಲಸ" ಅಂತಾರೆ. ಅವರು ಹೇಳೋದು ಸುಳ್ಳಲ್ಲ. ಆದರೆ ಐದು ಇಪ್ಪತ್ತು ಎಷ್ಟು? ನೂರು ನಿಮಿಷ. ವಾರಕ್ಕೆ ಐದು ದಿನ ಅಂದ್ರೆ ಐನೂರು ನಿಮಿಷ. ಎಂಟು ಗಂಟೆ ಇಪ್ಪತ್ತು ನಿಮಿಷ! ನೀತಿ ಹೇಳಿದ್ದು ಎರಡು ಗಂಟೆ. ಅಂದ್ರೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಎಂಟನೇ ಕ್ಲಾಸಿನ ಹುಡುಗನಿಗೆ ಇರೋ ಮಿತಿಯನ್ನೂ ಈ ಒಂಬತ್ತು ವರ್ಷದ ಮಗು ದಾಟಿಬಿಡ್ತು. ಐದು ಜನರಲ್ಲಿ ಯಾರನ್ನ ಕೇಳಿದ್ರೂ ತಪ್ಪು ಅವರದ್ದಲ್ಲ. ಕೂಡಿಸೋ ಕೆಲಸ ಯಾರದ್ದೂ ಅಲ್ಲ, ಅದೇ ತಪ್ಪು.

ಈಗ ಆ ನೂರು ನಿಮಿಷವನ್ನ ಸಂಜೆಯೊಳಗೆ ಕೂರಿಸಿ ನೋಡಿ. ಶಾಲೆ ಮೂರೂವರೆಗೆ ಬಿಡುತ್ತೆ ಅಂದುಕೊಳ್ಳಿ. ವ್ಯಾನು ನಾಲ್ಕಾರು ಮನೆ ಸುತ್ತಿ ಮಗುವನ್ನ ಇಳಿಸೋ ಹೊತ್ತಿಗೆ ನಾಲ್ಕೂಕಾಲು. ಮುಖ ತೊಳೆದು, ಹಾಲು ತಿಂಡಿ ಮುಗಿಸೋ ಹೊತ್ತಿಗೆ ಐದು. ಒಂದು ಗಂಟೆ ಆಟ ಬೇಡ್ವಾ? ಆರು ಆಯ್ತು. ಅಪ್ಪ ಎಲೆಕ್ಟ್ರಾನಿಕ್ ಸಿಟಿಯಿಂದ ಬರಬೇಕು, ಅಮ್ಮನೂ ಕೆಲಸ ಮುಗಿಸಿ ಬರಬೇಕು. ಇಬ್ಬರೂ ಮನೆ ಸೇರೋದು ಏಳೂವರೆಗೆ ಅಂದುಕೊಳ್ಳಿ. ಮಗು ಒಂಬತ್ತಕ್ಕೆ ಮಲಗಬೇಕು. ಇಡೀ ದಿನದಲ್ಲಿ ಅಪ್ಪ ಅಮ್ಮ ಮಗು ಮೂವರೂ ಒಟ್ಟಿಗೆ ಇರೋದು ತೊಂಬತ್ತು ನಿಮಿಷ. ಹೋಮ್‌ವರ್ಕ್ ನೂರು ನಿಮಿಷ. ದೊಡ್ಡವರು ಬಂದು ಹೇಳಿಕೊಡೋ ತನಕ ಕಾಯುವಂಥ ಹೋಮ್‌ವರ್ಕ್ ಆಗಿದ್ರೆ, ಊಟ ಎಲ್ಲಿ? ಮಾತು ಎಲ್ಲಿ? ಅಜ್ಜಿಗೆ ಫೋನ್ ಮಾಡೋದು ಯಾವಾಗ?

ಇದು ಹೇಳಿಕೊಡೋ ಶಕ್ತಿ ಇರೋ ಮನೆಯ ಕಥೆ. ಇದೇ ಗಿರಿನಗರದಲ್ಲಿ ನಾಲ್ಕು ಮನೆ ಕೆಲಸ ಮಾಡಿ ಮಗಳನ್ನ ಇಂಗ್ಲಿಷ್ ಮೀಡಿಯಂಗೆ ಸೇರಿಸಿರೋ ತಾಯಂದಿರಿದ್ದಾರೆ. ಗಾರ್ಮೆಂಟ್ಸಿಗೆ ಹೋಗೋರಿದ್ದಾರೆ. ಆಟೋ ಓಡಿಸೋ ಅಪ್ಪಂದಿರಿದ್ದಾರೆ. ಡೈರಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದನ್ನ ಅವರು ಓದೋದು ಹೇಗೆ? ಅವರಿಗೆ ಹೋಮ್‌ವರ್ಕ್ ಅಂದ್ರೆ ಶಾಲೆಯ ಫೀಸಿನ ಮೇಲೆ ಇನ್ನೊಂದು ಫೀಸು. ಟ್ಯೂಷನ್ ಫೀಸು. ಓದು ಬಲ್ಲ ಮನೆಯ ಮಗುವಿಗೂ ಓದು ಬಾರದ ಮನೆಯ ಮಗುವಿಗೂ ಶಾಲೆ ಅಂತರ ಕಮ್ಮಿ ಮಾಡಬೇಕು. ಈ ಹೋಮ್‌ವರ್ಕ್ ಅದನ್ನ ಜಾಸ್ತಿ ಮಾಡ್ತಿದೆ.

ಸರಿ, ಈಗ ಟೀಚರ್ ಕಡೆಗೆ ಬರೋಣ. ಇದನ್ನ ಯಾರೂ ಮಾತಾಡಲ್ಲ. ಹೋಮ್‌ವರ್ಕ್ ಕೊಟ್ಟ ಮೇಲೆ ನೋಡಬೇಕಲ್ಲ? ಒಬ್ಬ ಗಣಿತ ಟೀಚರ್, ಮೂರು, ನಾಲ್ಕು, ಐದನೇ ಕ್ಲಾಸಿಗೆ ಪಾಠ ಮಾಡ್ತಾರೆ ಅಂತಿಟ್ಟುಕೊಳ್ಳಿ. ಕ್ಲಾಸಿಗೆ ನಲವತ್ತು ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಾಲೆಗೆ ಹೇಳಿರೋದು ಮೂವತ್ತು ಮಕ್ಕಳಿಗೆ ಒಬ್ಬ ಟೀಚರ್ ಅಂತ, ಆದರೆ ನಲವತ್ತು ಕೂರೋ ಕ್ಲಾಸುಗಳು ನಮಗೆಲ್ಲ ಗೊತ್ತು. ಒಟ್ಟು ನೂರ ಇಪ್ಪತ್ತು ನೋಟ್‌ಬುಕ್. ಒಂದಕ್ಕೆ ಒಂದೇ ನಿಮಿಷ ಕೊಟ್ಟರೂ ಎರಡು ಗಂಟೆ ಬೇಕು. ಎಂಟು ಪೀರಿಯಡ್ ಇರೋ ದಿನದಲ್ಲಿ ಅವರಿಗೆ ಸಿಗೋದು ಎರಡು ಫ್ರೀ ಪೀರಿಯಡ್, ಅಂದ್ರೆ ಎಂಬತ್ತು ನಿಮಿಷ. ಯಾರಾದ್ರೂ ರಜೆ ಹಾಕಿದ್ರೆ ಅದೂ ಇಲ್ಲ, ಸಬ್‌ಸ್ಟಿಟ್ಯೂಷನ್‌ಗೆ ಹೋಗಬೇಕು. ಹಾಗಾದ್ರೆ ಅವರು ಏನು ಮಾಡ್ತಾರೆ? ಬುಕ್ ತೆರೀತಾರೆ, ಪುಟಕ್ಕೆ ಅಡ್ಡಲಾಗಿ ಒಂದು ಉದ್ದ ರೈಟ್ ಎಳೀತಾರೆ, ಕೆಳಗೆ ಸೈನು, ತಾರೀಖು. ಇಪ್ಪತ್ತು ಸೆಕೆಂಡು. ಉಳಿದ ಬುಕ್ಕುಗಳನ್ನ ಚೀಲದಲ್ಲಿ ಹಾಕ್ಕೊಂಡು ಮನೆಗೆ ಒಯ್ತಾರೆ. ಅವರ ಮನೆಯಲ್ಲೂ ಒಂದು ಮಗು ಹೋಮ್‌ವರ್ಕ್ ಹಿಡ್ಕೊಂಡು ಕಾಯ್ತಿರುತ್ತೆ!

ಆ ಇಪ್ಪತ್ತು ಸೆಕೆಂಡಿನ ರೈಟ್ ಮಾರ್ಕಿನಿಂದ ಏನಾಗುತ್ತೆ ಅಂತ ಒಂದು ಲೆಕ್ಕದಲ್ಲೇ ತೋರಿಸ್ತೀನಿ. 52ರಲ್ಲಿ 28 ಕಳೆಯಿರಿ. ಸರಿಯಾದ ಉತ್ತರ 24. ಒಂದು ಮಗು 36 ಅಂತ ಬರೀತು. ಯಾಕೆ? ಎರಡರಲ್ಲಿ ಎಂಟು ಹೋಗಲ್ಲ, ಅದಕ್ಕೇ ತಿರುಗಿಸಿ ಎಂಟರಲ್ಲಿ ಎರಡು ಕಳೆದು ಆರು ಬರೀತು. ಐದರಲ್ಲಿ ಎರಡು ಹೋದ್ರೆ ಮೂರು. ಮೂವತ್ತಾರು. ಇನ್ನೊಂದು ಮಗು 34 ಅಂತ ಬರೀತು. ಅದಕ್ಕೆ ಪಕ್ಕದಿಂದ ಹತ್ತು ತಗೋಬೇಕು ಅಂತ ಗೊತ್ತಿದೆ. ಹನ್ನೆರಡರಲ್ಲಿ ಎಂಟು ಕಳೆದು ನಾಲ್ಕು ಬರೀತು. ಆದರೆ ಐದರಿಂದ ಒಂದು ಕೊಟ್ಟಿದ್ದನ್ನ ಮರೆತು, ಐದರಲ್ಲೇ ಎರಡು ಕಳೀತು. ಮೂವತ್ತನಾಲ್ಕು.

ಎರಡೂ ತಪ್ಪೇ. ಆದರೆ ಎರಡೂ ಒಂದೇ ತಪ್ಪಲ್ಲ. ಎರಡನೇ ಮಗುವಿಗೆ "ಕೊಟ್ಟಿದ್ದನ್ನ ಹೊಡೆದು ಹಾಕು ಪುಟ್ಟ" ಅಂದ್ರೆ ಸಾಕು. ಮೊದಲನೇ ಮಗುವಿಗೆ ಕಡ್ಡಿ ಕಟ್ಟು ಇಟ್ಟು ಬಿಡಿ, ಹತ್ತು ಅಂದ್ರೆ ಏನು ಅಂತ ಮತ್ತೆ ಮೊದಲಿಂದ ತೋರಿಸಬೇಕು. ಇದನ್ನ ನೋಡದೆ ರೈಟ್ ಎಳೆದು, ನಾಳೆ ಇಂಥವೇ ಇನ್ನೂ ಹತ್ತು ಲೆಕ್ಕ ಮಾಡಿಕೊಂಡು ಬಾ ಅಂದ್ರೆ ಆ ಮಗು ಏನನ್ನ ಅಭ್ಯಾಸ ಮಾಡುತ್ತೆ? ತಪ್ಪನ್ನ! ಹತ್ತು ಸಲ ತಪ್ಪು ಮಾಡಿ, ಹತ್ತಕ್ಕೂ ಟೀಚರ್ ಸೈನ್ ಇದ್ರೆ, ಆ ತಪ್ಪು ಗಟ್ಟಿಯಾಗುತ್ತೆ. ಆಮೇಲೆ ಬಿಡಿಸೋದು ಬಹಳ ಕಷ್ಟ.

ಯಾವ ಲೆಕ್ಕ ಕೊಡ್ತೀವಿ ಅನ್ನೋದೂ ಮುಖ್ಯ. 28ರ ಬದಲು 52ರಲ್ಲಿ 27 ಕಳಿ ಅಂತ ಕೊಟ್ಟಿದ್ರೆ, ಆ ಎರಡೂ ಮಕ್ಕಳು 35 ಅಂತಲೇ ಬರೀತಿದ್ರು. ಬೇಕಾದ್ರೆ ನೀವೇ ಮಾಡಿ ನೋಡಿ. ಯಾರಿಗೆ ಏನು ಅರ್ಥ ಆಗಿಲ್ಲ ಅಂತ ಟೀಚರ್‌ಗೆ ಗೊತ್ತೇ ಆಗ್ತಿರಲಿಲ್ಲ. ಯೋಚನೆ ಮಾಡಿ ಆರಿಸಿದ ಐದು ಲೆಕ್ಕ, ಪುಸ್ತಕದಿಂದ ಎತ್ತಿ ಕೊಟ್ಟ ಇಪ್ಪತ್ತು ಲೆಕ್ಕಕ್ಕಿಂತ ಹೆಚ್ಚು ಹೇಳುತ್ತೆ.

ಹಾಗಾಗಿ ನನ್ನ ಮಾತು ಇಷ್ಟೇ. ಟೀಚರ್ ಕಣ್ಣಿಟ್ಟು ನೋಡೋಕೆ ಆಗದಷ್ಟು ಹೋಮ್‌ವರ್ಕ್ ಕೊಡಬಾರದು. ನೋಡೋಕೆ ಎಷ್ಟಾಗುತ್ತೋ ಅಷ್ಟೇ ಮಿತಿ. ಇದನ್ನ ಒಪ್ಪಿಕೊಂಡ್ರೆ ಮಗುವಿನ ಸಂಜೆಯೂ ಉಳಿಯುತ್ತೆ, ಟೀಚರ್ ಸಂಜೆಯೂ ಉಳಿಯುತ್ತೆ.

ಇದನ್ನ ಮಾಡೋದು ಹೇಗೆ? ಹೊಸ ಕಾನೂನು ಬೇಡ. ಶಾಲೆಯ ಹೆಚ್‌ಎಂ ಮನಸ್ಸು ಮಾಡಿದ್ರೆ ಮುಂದಿನ ಸೋಮವಾರ ಶುರು ಮಾಡಬಹುದು.

ಮೊದಲು ಒಂದು ಮತ್ತು ಎರಡನೇ ಕ್ಲಾಸು. ಇಲ್ಲಿ ಆದೇಶ ಸ್ಪಷ್ಟ, ಹೋಮ್‌ವರ್ಕ್ ಇಲ್ಲ. "ಹಾಗಾದ್ರೆ ಅಭ್ಯಾಸ ಬೇಡ್ವಾ ಸಾರ್?" ಅಂತ ಕೇಳ್ತೀರಿ. ಬೇಕು. ಆದರೆ ಅದು ಶಾಲೆಯಲ್ಲೇ ಆಗಬೇಕು, ಟೀಚರ್ ಪಕ್ಕದಲ್ಲಿರುವಾಗಲೇ ಆಗಬೇಕು. ಇದು ಆಗದ ಮಾತಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯ ಟೀಚರ್‌ಗಳು ಶುರು ಮಾಡಿದ್ದು, ಆಮೇಲೆ ಇಡೀ ರಾಜ್ಯಕ್ಕೆ ಬಂತು. ಅಲ್ಲಿ ಮಕ್ಕಳು ತಂಡ ತಂಡವಾಗಿ ಕೂರ್ತಾರೆ. ಹೊಸದಾಗಿ ಕಲಿಯೋ ತಂಡದ ಜೊತೆ ಟೀಚರ್ ಕೂರ್ತಾರೆ. ಸ್ವಲ್ಪ ಗೊತ್ತಿರೋರು ಗೆಳೆಯರ ಜೊತೆ ಅಭ್ಯಾಸ ಮಾಡ್ತಾರೆ. ಚೆನ್ನಾಗಿ ಗೊತ್ತಿರೋರು ತಾವೇ ಮಾಡ್ಕೊಳ್ತಾರೆ. ಮಗು ಬರೀತಿರುವಾಗಲೇ ತಪ್ಪು ಕಾಣುತ್ತೆ, ಅಲ್ಲೇ ತಿದ್ದೋಕೆ ಆಗುತ್ತೆ. ಅದಕ್ಕೂ ಕಷ್ಟಗಳಿವೆ. ಒಬ್ಬರೇ ಟೀಚರ್, ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ. ಆದರೆ ಅಭ್ಯಾಸವನ್ನ ಮನೆಗೆ ಕಳಿಸದೆ ಶಾಲೆಯೊಳಗೇ ಮುಗಿಸಬಹುದು ಅನ್ನೋದನ್ನ ನಮ್ಮದೇ ಊರಿನ ಸರ್ಕಾರಿ ಶಾಲೆಗಳು ತೋರಿಸಿವೆ. ಖಾಸಗಿ ಶಾಲೆಯವರು ದಿನದ ಕೊನೇ ಪೀರಿಯಡ್ಡನ್ನ ಇದಕ್ಕೆ ಬಿಟ್ಟರೆ ಆಯ್ತು.

ಮನೆಯಲ್ಲಿ ಆ ಮಗು ಏನು ಮಾಡಬೇಕು? 2020ರ ನೀತಿ ಅದನ್ನೂ ಹೇಳಿದೆ. ಸಂಜೆ ಹೇಗೆ ಕಳೆದೆ, ಏನು ಆಟ ಆಡಿದೆ ಅನ್ನೋದನ್ನ ಮರುದಿನ ಕ್ಲಾಸಿನಲ್ಲಿ ಹೇಳಬೇಕು. ಅಷ್ಟೇ. ಇದನ್ನ ನೋಡಿ ನಗಬೇಡಿ. ನೋಡಿದ್ದನ್ನ ಕ್ರಮವಾಗಿ ನಾಲ್ಕು ವಾಕ್ಯದಲ್ಲಿ ಹೇಳೋಕೆ ಬಂದ ಮಗುವಿಗೆ ಮುಂದೆ ನಾಲ್ಕು ವಾಕ್ಯ ಬರೆಯೋದು ಸುಲಭ ಆಗುತ್ತೆ. ಇದಕ್ಕೆ ನೋಟ್‌ಬುಕ್ ಬೇಡ, ಕರೆಕ್ಷನ್ ಬೇಡ, ಟ್ಯೂಷನ್ ಅಂತೂ ಬೇಡವೇ ಬೇಡ.

ಇನ್ನು ಮೂರು, ನಾಲ್ಕು, ಐದನೇ ಕ್ಲಾಸು. ವಾರಕ್ಕೆ ಎರಡು ಗಂಟೆ, ಅಂದ್ರೆ ನೂರ ಇಪ್ಪತ್ತು ನಿಮಿಷ. ಇದನ್ನ ಯಾರ ಕೈಗೆ ಕೊಡಬೇಕು? ಕ್ಲಾಸ್ ಟೀಚರ್ ಕೈಗೆ. ಕ್ಲಾಸಿನ ಗೋಡೆ ಮೇಲೆ ಒಂದು ಚಾರ್ಟ್. ಸೋಮವಾರ ಕನ್ನಡ ಓದು, ಇಪ್ಪತ್ತು ನಿಮಿಷ. ಮಂಗಳವಾರ ಗಣಿತ, ಇಪ್ಪತ್ತೈದು. ಬುಧವಾರ ಇಂಗ್ಲಿಷ್, ಇಪ್ಪತ್ತೈದು. ಗುರುವಾರ ಮತ್ತೆ ಗಣಿತ, ಇಪ್ಪತ್ತೈದು. ಶುಕ್ರವಾರ ಪರಿಸರ, ಇಪ್ಪತ್ತೈದು. ನೂರ ಇಪ್ಪತ್ತು ಮುಗೀತು. ಶನಿವಾರ ಭಾನುವಾರ ಇಲ್ಲ. ಒಂದು ದಿನಕ್ಕೆ ಒಂದೇ ವಿಷಯ. ಹಿಂದಿ ಟೀಚರ್‌ಗೆ ಒಂದು ದಿನ ಬೇಕಾದ್ರೆ ಇನ್ನೊಬ್ಬರ ಹತ್ತಿರ ಕೇಳಿ ತಗೋಬೇಕು, ಮೇಲೆ ಸೇರಿಸೋ ಹಾಗಿಲ್ಲ. ನಾನು ಆಗಲೇ ತಕ್ಕಡಿ ಇಲ್ಲ ಅಂದೆನಲ್ಲ, ಈ ಚಾರ್ಟೇ ತಕ್ಕಡಿ. ಬಿಇಒ ಬಂದರೂ ನೋಡಬಹುದು, ಪೇರೆಂಟ್ಸ್ ಬಂದರೂ ನೋಡಬಹುದು.

ಆದರೆ ಇಪ್ಪತ್ತೈದು ನಿಮಿಷ ಅನ್ನೋದು ಯಾರ ಇಪ್ಪತ್ತೈದು ನಿಮಿಷ? ಚುರುಕಾಗಿ ಬರೆಯೋ ಮಗು ಹದಿನೈದಕ್ಕೇ ಮುಗಿಸುತ್ತೆ. ನಿಧಾನಕ್ಕೆ ಬರೆಯೋ ಮಗು ಐವತ್ತು ನಿಮಿಷ ಕೂತು, ಅತ್ತು, ಬೈಸಿಕೊಂಡು ಮುಗಿಸುತ್ತೆ. ಹೆಚ್ಚು ಕಷ್ಟ ಪಡೋ ಮಗುವಿಗೇ ಹೆಚ್ಚು ಹೊತ್ತು ಶಿಕ್ಷೆ! ಇದಕ್ಕೆ ದಾರಿ ಸರಳ. ಇಪ್ಪತ್ತೈದು ನಿಮಿಷ ಆಗ್ತಿದ್ದ ಹಾಗೆ ನಿಲ್ಲಿಸಿ. ಎಲ್ಲಿಗೆ ನಿಂತಿತೋ ಅಲ್ಲಿ ಒಂದು ಗೆರೆ ಎಳೆದು ಮನೆಯವರು ಸಹಿ ಹಾಕಿ. ಓದು ಬಾರದ ತಾಯಿಯೂ ಗೆರೆ ಎಳೀಬಹುದು. ಆ ಗೆರೆಗೆ ಶಾಲೆ ಬೈಯೋ ಹಾಗಿಲ್ಲ. ಟೀಚರ್‌ಗೆ ಆ ಗೆರೆ ಬಹಳ ದೊಡ್ಡ ಸುದ್ದಿ. ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಎರಡನೇ ಲೆಕ್ಕಕ್ಕೇ ಗೆರೆ ಎಳೆದಿದ್ದಾರೆ ಅಂದ್ರೆ, ಪಾಠ ತಲುಪಿಲ್ಲ ಅಂತ ಅರ್ಥ. ಅಮ್ಮ ಕೂತು ಐದೂ ಮುಗಿಸಿ ಕಳಿಸಿದ್ರೆ ಆ ಸುದ್ದಿ ಟೀಚರ್‌ಗೆ ತಲುಪೋದೇ ಇಲ್ಲ.

ಇನ್ನು ಕರೆಕ್ಷನ್. ಅದೇ ಗಣಿತ ಟೀಚರ್, ಅದೇ ನೂರ ಇಪ್ಪತ್ತು ಬುಕ್. ಎಲ್ಲವನ್ನೂ ಒಂದೇ ದಿನ ನೋಡೋದು ಬಿಡಿ. ಪ್ರತಿ ಕ್ಲಾಸಿನಿಂದ ದಿನಕ್ಕೆ ಹತ್ತು ಬುಕ್ ತಗೊಳ್ಳಿ. ಮೂರು ಕ್ಲಾಸಿಗೆ ಮೂವತ್ತು. ಒಂದಕ್ಕೆ ಎರಡು ನಿಮಿಷ, ಒಟ್ಟು ಅರವತ್ತು ನಿಮಿಷ. ಎಂಬತ್ತು ನಿಮಿಷದ ಫ್ರೀ ಪೀರಿಯಡ್ಡಿನೊಳಗೇ ಮುಗೀತು, ಚೀಲ ಮನೆಗೆ ಹೋಗಲ್ಲ. ನಾಲ್ಕು ದಿನಕ್ಕೊಮ್ಮೆ ಪ್ರತಿ ಮಗುವಿನ ಬುಕ್ಕನ್ನ ನಿಜವಾಗಿ ನೋಡಿದ ಹಾಗಾಯ್ತು. ಉಳಿದ ಮೂವತ್ತು ಮಕ್ಕಳದ್ದು? ಮರುದಿನದ ಪಾಠದ ಮೊದಲ ಐದು ನಿಮಿಷ, ಬೋರ್ಡ್ ಮೇಲೆ ಉತ್ತರ ಬಿಡಿಸಿ, ಮಕ್ಕಳೇ ತಮ್ಮ ತಮ್ಮ ಬುಕ್ ತಿದ್ದಿಕೊಳ್ಳಲಿ. ಟೀಚರ್ ಸಾಲಿನ ಮಧ್ಯೆ ನಡೀತಾ, 36 ಬರೆದವರು ಯಾರು, 34 ಬರೆದವರು ಯಾರು ಅಂತ ಕಣ್ಣಾಡಿಸಲಿ.

ಇಲ್ಲೊಂದು ಅಡ್ಡಿ ಬರುತ್ತೆ, ಅದನ್ನೂ ಹೇಳಿಬಿಡ್ತೀನಿ. ಪೇರೆಂಟ್ಸ್ ಮೀಟಿಂಗಿನಲ್ಲಿ ನಾವೇನು ಮಾಡ್ತೀವಿ? ಬುಕ್ ತಿರುವಿ, "ಮೇಡಂ, ಈ ಮೂರು ಪುಟಕ್ಕೆ ಸೈನೇ ಇಲ್ಲ" ಅಂತ ಗಲಾಟೆ ಮಾಡ್ತೀವಿ. ಪಕ್ಕದ ಶಾಲೆಯಲ್ಲಿ ದಿನಾ ನಾಲ್ಕು ಪುಟ ಬರೆಸ್ತಾರೆ, ನೀವು ಏನೂ ಕೊಡಲ್ಲ ಅಂತೀವಿ. ಆಡಳಿತ ಮಂಡಳಿಯವರು ಹೆದರಿ ಟೀಚರ್‌ಗೆ ಹೇಳ್ತಾರೆ, ಪ್ರತಿ ಪುಟಕ್ಕೂ ಸೈನ್ ಇರಬೇಕು ಅಂತ. ಅಲ್ಲಿಗೆ ಆ ಇಪ್ಪತ್ತು ಸೆಕೆಂಡಿನ ರೈಟ್ ಮಾರ್ಕ್ ವಾಪಸ್ ಬಂತು. ಅದನ್ನ ತಂದವರು ಯಾರು? ನಾವೇ, ತಂದೆ ತಾಯಿಗಳೇ.

"ಹೋಮ್‌ವರ್ಕ್ ಕಮ್ಮಿಯಾದ್ರೆ ಮಗು ಹಿಂದೆ ಬೀಳಲ್ವಾ?" ನ್ಯಾಯವಾದ ಪ್ರಶ್ನೆ. ಅಮೆರಿಕದ ಹ್ಯಾರಿಸ್ ಕೂಪರ್ ಅನ್ನೋ ವಿದ್ವಾಂಸರು ಎಷ್ಟೋ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿ 2006ರಲ್ಲಿ ಪ್ರಕಟಿಸಿದ್ದಾರೆ. ದೊಡ್ಡ ಕ್ಲಾಸಿನ ಮಕ್ಕಳಿಗೆ ಹೋಮ್‌ವರ್ಕಿಗೂ ಕಲಿಕೆಗೂ ಸಂಬಂಧ ಚೆನ್ನಾಗಿ ಕಾಣುತ್ತೆ. ಸಣ್ಣ ಕ್ಲಾಸಿನವರಲ್ಲಿ ಆ ಸಂಬಂಧ ತುಂಬಾ ದುರ್ಬಲ. ಅವರೂ ಹೋಮ್‌ವರ್ಕ್ ಪೂರ್ತಿ ಬೇಡ ಅಂತ ಹೇಳಲಿಲ್ಲ. ಚಿಕ್ಕವರಿಗೆ ಚಿಕ್ಕದಾಗಿರಲಿ ಅಂದರು. ಮಗ್ಗಿ ಬಾಯಿಗೆ ಬರಬೇಕಾದ್ರೆ ದಿನಾ ಹೇಳಬೇಕು, ಓದು ಸರಾಗ ಆಗಬೇಕಾದ್ರೆ ದಿನಾ ಓದಬೇಕು, ನಿಜ. ಅದಕ್ಕೆ ಹತ್ತು ನಿಮಿಷ ಸಾಕು. ಪಾಠದ ಪ್ರಶ್ನೋತ್ತರವನ್ನ ಬೋರ್ಡಿಂದ ಒಂದು ಸಲ, ಮನೆಯಲ್ಲಿ ಇನ್ನೊಂದು ಸಲ ನಕಲು ಮಾಡೋದ್ರಿಂದ ಅದು ಬರಲ್ಲ.

ನಿಮ್ಮ ಮನೆಯಲ್ಲಿ ಇದು ಯಾವ ಸ್ಥಿತಿಯಲ್ಲಿದೆ ಅಂತ ಇವತ್ತು ರಾತ್ರಿಯೇ ಪರೀಕ್ಷೆ ಮಾಡಿ. ಮಗುವಿನ ಹೋಮ್‌ವರ್ಕ್ ಬುಕ್ಕನ್ನೂ ಕ್ಲಾಸ್‌ವರ್ಕ್ ಬುಕ್ಕನ್ನೂ ಪಕ್ಕ ಪಕ್ಕ ಇಡಿ. ಮನೆಯದ್ದು ಎಲ್ಲಾ ಸರಿ, ಕ್ಲಾಸಿನದ್ದು ತುಂಬಾ ತಪ್ಪು ಅಂತಾದ್ರೆ, ಹೋಮ್‌ವರ್ಕ್ ಮಾಡ್ತಿರೋದು ಮಗು ಅಲ್ಲ, ನೀವು ಅಥವಾ ಟ್ಯೂಷನ್ ಆಂಟಿ. ಇನ್ನು ರೈಟ್ ಬಿದ್ದಿರೋ ಒಂದು ಲೆಕ್ಕ ತೋರಿಸಿ, "ಇದು ಹೇಗೆ ಬಂತು ಕಂದ?" ಅಂತ ಕೇಳಿ. ಮಗು ವಿವರಿಸಿದ್ರೆ ಸಂತೋಷ. ವಿವರಿಸಲಿಲ್ಲ ಅಂದ್ರೆ ಬೈಬೇಡಿ, ಮುಂದಿನ ಮೀಟಿಂಗಿನಲ್ಲಿ ಅದೇ ಪುಟ ತೆಗೆದು ಟೀಚರ್ ಹತ್ತಿರ ಮಾತಾಡಿ. ಸೈನ್ ಎಲ್ಲಿ ಅಂತ ಕೇಳಬೇಡಿ. ನನ್ನ ಮಗು ಎಲ್ಲಿ ಎಡವುತ್ತಿದೆ ಅಂತ ಕೇಳಿ.

ಮತ್ತೆ ಶಾಲೆಯ ಗೋಡೆ ಮೇಲೆ ಆ ಚಾರ್ಟ್ ಇದೆಯಾ ಅಂತಲೂ ಕೇಳಿ. ಇಲ್ಲದಿದ್ರೆ ಯಾವಾಗ ಹಾಕ್ತೀರಿ ಅಂತ ಕೇಳಿ. 2019ರ ರಾಜ್ಯದ ಆದೇಶ, 2020ರ ನೀತಿ ಎರಡೂ ನಿಮ್ಮ ಪರವಾಗಿವೆ.